−300 ಕೆಲ್ವಿನ್ ಎಂಬುದು 300 ಕೆಲ್ವಿನ್‌ಗಿಂತ ಬಿಸಿ ಎನ್ನುತ್ತಾರಲ್ಲ, ಹೇಗೆ?

ಸುಮನಾ ಕೆ.

ನಾನು ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದೇನೆ. ಸಾಂಖ್ಯಿಕ ಭೌತಶಾಸ್ತ್ರದ ತರಗತಿಯಲ್ಲಿ ಮೇಡಂ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು: ಪರಮ ತಾಪಮಾನ ಮೈನಸ್ ಆಗಿರುವ ವ್ಯವಸ್ಥೆ ಯಾವುದೇ ಪ್ಲಸ್ ತಾಪಮಾನದ ವ್ಯವಸ್ಥೆಗಿಂತ ಬಿಸಿ. ಪರೀಕ್ಷೆಗೆ ಅಷ್ಟು ಸಾಕಂತೆ. ಎಂಟ್ರೊಪಿಯನ್ನು ಶಕ್ತಿಯೊಂದಿಗೆ ಗ್ರಾಫ್‌ನಲ್ಲಿ ಬರೆದಾಗ ಇಳಿಜಾರು ಮೈನಸ್ ಆದರೆ ತಾಪಮಾನವೂ ಮೈನಸ್ ಆಗುತ್ತದೆ ಎಂಬಷ್ಟು ಗಣಿತ ನನಗೆ ತಿಳಿಯಿತು. ತಿಳಿಯದ್ದು ಮುಂದಿನದು. ಸೊನ್ನೆ ಕೆಲ್ವಿನ್‌ಗಿಂತ ತಂಪಾದದ್ದು ಇಲ್ಲ ಎಂದು ಹೈಸ್ಕೂಲಿನಿಂದ ಕೇಳಿಕೊಂಡು ಬಂದಿದ್ದೇವೆ. ಹಾಗಿರುವಾಗ ಸೊನ್ನೆಯ ಕೆಳಗಿನ ಸಂಖ್ಯೆ ಎಲ್ಲಕ್ಕಿಂತ ಬಿಸಿಯಾಗುವುದು ಹೇಗೆ? ಇದು ಯಾರಾದರೂ ಪ್ರಯೋಗದಲ್ಲಿ ಕಂಡದ್ದೋ ಅಥವಾ ಸೂತ್ರದ ಚಮತ್ಕಾರವೋ?

ಹಿಮಗಿರಿ

ತಂಗಿ, ನಾನು ಶೀತಲಗೃಹದಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಕೋಣೆ ಮೈನಸ್ 18ರಲ್ಲಿರುತ್ತದೆ, ಮೀನಿನ ವಿಭಾಗ ಇನ್ನೂ ಕೆಳಗೆ. ಒಳಗೆ ಹೋದವರಿಗೆ ಯಾವುದು ಬಿಸಿ, ಯಾವುದು ತಂಪು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೈನಸ್ ಬಿಸಿ ಎಂದು ಬರೆದವರನ್ನು ಒಂದು ಗಂಟೆ ಒಳಗೆ ನಿಲ್ಲಿಸಬೇಕು.

ಕಾಂತಕ್ಷೇತ್ರ

ಹಿಮಗಿರಿ ಅವರೇ, ನಿಮ್ಮ ಮೈನಸ್ 18 ಸೆಲ್ಸಿಯಸ್ ಎಂದರೆ ಪ್ಲಸ್ 255 ಕೆಲ್ವಿನ್. ಅಲ್ಲಿ ಸೊನ್ನೆಯನ್ನು ನೀರು ಹೆಪ್ಪುಗಟ್ಟುವ ಕಡೆ ಇಟ್ಟುಕೊಂಡಿದ್ದೇವೆ, ಅಷ್ಟೆ. ಸುಮನಾ ಕೇಳುತ್ತಿರುವುದು ಕೆಲ್ವಿನ್ ಅಳತೆಯಲ್ಲೇ ಮೈನಸ್ ಬರುವ ಸಂಗತಿ.

ಸುಮನಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಪ್ರಯೋಗದಲ್ಲಿ ಕಂಡದ್ದೇ. 1951ರಲ್ಲಿ ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ಮತ್ತು ರಾಬರ್ಟ್ ಪೌಂಡ್ ಲಿಥಿಯಂ ಫ್ಲೋರೈಡ್ ಹರಳೊಂದರಲ್ಲಿ ಇದನ್ನು ಮಾಡಿ ತೋರಿಸಿದರು. ಹರಳಿಗೆ ಹರಳೇ ಮೈನಸ್‌ಗೆ ಹೋಗಲಿಲ್ಲ ಎಂಬುದನ್ನು ಈಗಲೇ ಗಮನಿಸಿ. ಹರಳು ಮೇಜಿನ ಮೇಲಿನ ಲೋಟದಷ್ಟೇ ಬಿಸಿಯಾಗಿತ್ತು. ಮೈನಸ್‌ಗೆ ಹೋದದ್ದು ಅದರೊಳಗಿನ ನ್ಯೂಕ್ಲಿಯಸ್‌ಗಳ ಸ್ಪಿನ್‌ಗಳು ಮಾತ್ರ.

ಹರಳನ್ನು ಬಲವಾದ ಕಾಂತಕ್ಷೇತ್ರದಲ್ಲಿ, ಸುಮಾರು 6,400 ಗಾಸ್‌ನಲ್ಲಿ ಇಟ್ಟಾಗ ಪ್ರತಿ ಫ್ಲೋರೀನ್ ನ್ಯೂಕ್ಲಿಯಸ್‌ಗೂ ಎರಡೇ ಸ್ಥಿತಿ: ಕ್ಷೇತ್ರದ ದಿಕ್ಕಿಗೆ ಮುಖ ಮಾಡಿದ ಕಡಿಮೆ ಶಕ್ತಿಯ ಸ್ಥಿತಿ, ಇಲ್ಲವೆ ಅದಕ್ಕೆ ಬೆನ್ನು ಹಾಕಿದ ಹೆಚ್ಚು ಶಕ್ತಿಯ ಸ್ಥಿತಿ. ಕೋಣೆಯ ತಾಪಮಾನದಲ್ಲಿ ಇವುಗಳ ಹಂಚಿಕೆಯನ್ನು ಲೆಕ್ಕ ಹಾಕಿದರೆ ಹತ್ತು ಲಕ್ಷ ನ್ಯೂಕ್ಲಿಯಸ್‌ಗಳಲ್ಲಿ ಸುಮಾರು 5,00,001 ಕೆಳಗೆ, 4,99,999 ಮೇಲೆ. ವ್ಯತ್ಯಾಸ ಎರಡೇ ಎರಡು. ನಾವು ಅಳೆಯುವ ಸಂಕೇತವೆಲ್ಲ ಆ ಎರಡರಿಂದ ಬರುವುದು.

ಈಗ ಈ ಅಂಕಿಗಳನ್ನು ಅದಲುಬದಲು ಮಾಡಿ. 4,99,999 ಕೆಳಗೆ, 5,00,001 ಮೇಲೆ. ಇದಕ್ಕೆ ಹೊಂದುವ ತಾಪಮಾನ ಯಾವುದು ಎಂದು ಬೋಲ್ಟ್ಸ್‌ಮನ್ ಸೂತ್ರವನ್ನು ಕೇಳಿದರೆ ಅದು −300 ಕೆಲ್ವಿನ್ ಎನ್ನುತ್ತದೆ. ಈ ಎರಡು ಹಂಚಿಕೆಗಳಲ್ಲಿ ಯಾವುದರ ಬಳಿ ಹೆಚ್ಚು ಶಕ್ತಿಯಿದೆ ಎಂದು ನೀವೇ ಹೇಳಿ.

ನರಹರಿ ಮೇಷ್ಟ್ರು

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಇದರಲ್ಲಿ ಸ್ವಲ್ಪ ಮಾತಿನ ಆಟವಿದೆ ಎಂಬುದು ನನ್ನ ಅಭಿಪ್ರಾಯ. ಉಷ್ಣಗತಿಶಾಸ್ತ್ರದ ಮೂರನೆಯ ನಿಯಮದ ಪ್ರಕಾರ ಯಾವ ವ್ಯವಸ್ಥೆಯನ್ನೂ ಸೊನ್ನೆ ಕೆಲ್ವಿನ್‌ಗೆ ಇಳಿಸಲು ಸಾಧ್ಯವಿಲ್ಲ. ಸೊನ್ನೆಯನ್ನೇ ಮುಟ್ಟಲಾಗದವರು ಅದನ್ನು ದಾಟಿ ಆಚೆ ಹೋದದ್ದು ಹೇಗೆ? ಎರಡನೆಯದಾಗಿ, ತಾಪಮಾನವೆಂದರೆ ಅಣುಗಳ ಸರಾಸರಿ ಚಲನಶಕ್ತಿ. ಚಲನಶಕ್ತಿ ಮೈನಸ್ ಆಗುವುದಿಲ್ಲ. ಮೇಲಿನ ಸ್ಥಿತಿಯಲ್ಲಿ ಹೆಚ್ಚು ಕಣಗಳಿದ್ದರೆ ಅದಕ್ಕೆ ವಿಲೋಮ ಹಂಚಿಕೆ ಎನ್ನಿ. ಲೇಸರ್‌ನಲ್ಲಿ ದಿನವೂ ಆಗುವುದು ಅದೇ. ಅದಕ್ಕೆ ತಾಪಮಾನದ ಪಟ್ಟ ಏಕೆ ಕಟ್ಟಬೇಕು?

ಕಾಂತಕ್ಷೇತ್ರ

ಮೇಷ್ಟ್ರೇ, ನಿಮ್ಮ ಮೊದಲ ಮಾತಿನಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಸೊನ್ನೆಯನ್ನು ಮುಟ್ಟಲಾಗದು, ನಿಜ. ಆದರೆ ಇಲ್ಲಿ ಯಾರೂ ಸೊನ್ನೆಯನ್ನು ದಾಟಿಯೇ ಇಲ್ಲ. ದಾರಿ ಆ ಕಡೆಯಿಂದ ಹೋಗುವುದಿಲ್ಲ. ಎಲ್ಲ ನ್ಯೂಕ್ಲಿಯಸ್‌ಗಳೂ ಕೆಳಗಿದ್ದರೆ ಅದು ಪ್ಲಸ್ ಸೊನ್ನೆ. ಶಕ್ತಿ ಕೊಡುತ್ತಾ ಹೋದಂತೆ ಒಂದೊಂದಾಗಿ ಮೇಲೇರುತ್ತವೆ, ತಾಪಮಾನ ಏರುತ್ತದೆ. ಅರ್ಧಕ್ಕರ್ಧ ಆದಾಗ ತಾಪಮಾನ ಅನಂತ. ಇನ್ನೂ ಶಕ್ತಿ ಕೊಟ್ಟರೆ ಮೇಲಿನ ಸಂಖ್ಯೆಯೇ ಹೆಚ್ಚಾಗಿ, ತಾಪಮಾನ ಮೈನಸ್ ಅನಂತದ ಕಡೆಯಿಂದ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ −1000, −300, −1 ಎನ್ನುತ್ತಾ ಎಲ್ಲವೂ ಮೇಲೇರಿದಾಗ ಮೈನಸ್ ಸೊನ್ನೆಯ ಹತ್ತಿರ ಬರುತ್ತದೆ. ಪ್ಲಸ್ ಸೊನ್ನೆ ಈ ದಾರಿಯ ಒಂದು ತುದಿ, ಮೈನಸ್ ಸೊನ್ನೆ ಇನ್ನೊಂದು ತುದಿ. ಸಂಖ್ಯಾರೇಖೆಯ ಮೇಲೆ ಪಕ್ಕಪಕ್ಕದಲ್ಲಿ ಕಂಡರೂ ಶಕ್ತಿಯ ಲೆಕ್ಕದಲ್ಲಿ ಅವುಗಳಷ್ಟು ದೂರದವು ಬೇರೆ ಇಲ್ಲ. ಮೂರನೆಯ ನಿಯಮ ಎರಡೂ ತುದಿಗಳನ್ನು ಕಾಯುತ್ತದೆ.

ಹಾಗಾಗಿ T ಬರೆಯುವ ಬದಲು −1/T ಬರೆಯುವುದು ಕೆಲಸಕ್ಕೆ ಸುಲಭ. ಆಗ ತಂಪಿನಿಂದ ಬಿಸಿಗೆ ಹೋಗುವ ದಾರಿ ಎಲ್ಲಿಯೂ ತುಂಡಾಗುವುದಿಲ್ಲ. ಅನಂತ ಎನ್ನುವುದು ನಡುವಿನ ಸೊನ್ನೆಯಾಗಿ ಬರುತ್ತದೆ, ಅಷ್ಟೇನೂ ಭಯಂಕರವಾಗಿ ಕಾಣುವುದಿಲ್ಲ.

ಚಲನಶಕ್ತಿಯ ಮಾತು ಅನಿಲಗಳಿಗೆ ಸರಿ. ಅನಿಲದ ಅಣು ಎಷ್ಟು ಬೇಕಾದರೂ ವೇಗವಾಗಿ ಓಡಬಹುದು, ಅದಕ್ಕೆ ಮೇಲ್ಮಿತಿ ಇಲ್ಲ. ಶಕ್ತಿ ಹೆಚ್ಚಿದಷ್ಟೂ ಅದಕ್ಕೆ ಲಭ್ಯವಿರುವ ಸ್ಥಿತಿಗಳೂ ಹೆಚ್ಚುತ್ತವೆ, ಎಂಟ್ರೊಪಿ ಇಳಿಯುವ ಪ್ರಸಂಗವೇ ಬರುವುದಿಲ್ಲ. ಆದ್ದರಿಂದ ಸಾಮಾನ್ಯ ಅನಿಲ ಎಂದಿಗೂ ಮೈನಸ್‌ಗೆ ಹೋಗದು. ಸ್ಪಿನ್‌ಗಳಿಗೆ ಹಾಗಲ್ಲ, ಶಕ್ತಿಗೆ ಒಂದು ಚಾವಣಿಯಿದೆ. ಈ ಚಾವಣಿಯಿಲ್ಲದೆ ಋಣ ತಾಪಮಾನದ ಮಾತೇ ಇಲ್ಲ.

ಸುಮನಾ ಕೆ.

ಮೇಲಿನ ಹಂಚಿಕೆಯಲ್ಲಿ ಶಕ್ತಿ ಹೆಚ್ಚು ಎಂಬುದು ಒಪ್ಪಿಗೆ, ಸರ್. ಆದರೆ ಶಕ್ತಿ ಹೆಚ್ಚಿರುವುದಕ್ಕೂ ಬಿಸಿಯಾಗಿರುವುದಕ್ಕೂ ವ್ಯತ್ಯಾಸವಿದೆಯಲ್ಲವೆ? ಒಂದು ಕೆರೆಯ ತಣ್ಣೀರಿನಲ್ಲಿ ಒಂದು ಲೋಟ ಕಾಫಿಗಿಂತ ಹೆಚ್ಚು ಶಕ್ತಿಯಿರುತ್ತದೆ. ಕಾಫಿಯೇ ಬಿಸಿ. ಬಿಸಿ ಎನ್ನಬೇಕಾದರೆ ಶಾಖ ಅದರಿಂದ ಇನ್ನೊಂದಕ್ಕೆ ಹರಿಯಬೇಕು. ಅದು ಹರಿದೇ ಹರಿಯುತ್ತದೆ ಎಂದು ತೋರಿಸಿದವರಿದ್ದಾರೆಯೆ?

ಗಣಕ

ಕೇಳಬೇಕಾದ ಪ್ರಶ್ನೆ ಇದೇ. ಕ್ಯಾಲ್ಕ್ಯುಲಸ್ ಬದಿಗಿಟ್ಟು ಕೈಯಲ್ಲೇ ಎಣಿಸೋಣ.

ಹತ್ತು ಸ್ಪಿನ್‌ಗಳ ಒಂದು ಗುಂಪು ತೆಗೆದುಕೊಳ್ಳಿ. ಮೇಲೆದ್ದ ಪ್ರತಿ ಸ್ಪಿನ್ನಿಗೂ ಒಂದು ಘಟಕ ಶಕ್ತಿ. ಹತ್ತರಲ್ಲಿ ಯಾವುದೂ ಮೇಲೆದ್ದಿಲ್ಲದ ವಿನ್ಯಾಸ ಒಂದೇ. ಒಂದು ಎದ್ದಿರುವ ವಿನ್ಯಾಸಗಳು 10, ಎರಡು ಎದ್ದಿರುವವು 45, ಮೂರಕ್ಕೆ 120, ನಾಲ್ಕಕ್ಕೆ 210, ಐದಕ್ಕೆ 252. ಅಲ್ಲಿಂದ ಇಳಿಮುಖ: ಆರಕ್ಕೆ ಮತ್ತೆ 210, ಏಳಕ್ಕೆ 120, ಎಂಟಕ್ಕೆ 45. ಎಂಟ್ರೊಪಿ ಎಂದರೆ ಈ ಸಂಖ್ಯೆಗಳ ಲಾಗರಿತಮ್ ಮಾತ್ರ.

ಈಗ ಎರಡು ಗುಂಪುಗಳನ್ನು ತಾಗಿಸಿ. ಅ ಗುಂಪಿನಲ್ಲಿ ಏಳು ಎದ್ದಿವೆ, ಅಂದರೆ ಋಣ ತಾಪಮಾನ. ಬ ಗುಂಪಿನಲ್ಲಿ ಎರಡು ಎದ್ದಿವೆ, ಧನ ತಾಪಮಾನ. ಎರಡನ್ನೂ ಸೇರಿಸಿದಾಗ ಒಟ್ಟು ವಿನ್ಯಾಸಗಳು 120 × 45, ಅಂದರೆ 5,400. ಒಂದು ಘಟಕ ಶಕ್ತಿ ಅ ಗುಂಪಿನಿಂದ ಬ ಗುಂಪಿಗೆ ಹೋದರೆ? ಅಲ್ಲಿ ಆರು, ಇಲ್ಲಿ ಮೂರು: 210 × 120, ಅಂದರೆ 25,200. ತಿರುಗಾ ಹೋದರೆ? ಅಲ್ಲಿ ಎಂಟು, ಇಲ್ಲಿ ಒಂದು: 45 × 10, ಅಂದರೆ 450.

ಸುಮನಾ, 25,200 ಮತ್ತು 450ರ ನಡುವೆ ಪ್ರಕೃತಿ ಯಾವುದನ್ನು ಆರಿಸಿಕೊಳ್ಳುತ್ತದೆ ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಆದರೆ ಇದರಲ್ಲಿ ಅಡಗಿರುವ ವಿಚಿತ್ರವನ್ನು ನೋಡಿ. ಸಾಮಾನ್ಯವಾಗಿ ಬಿಸಿ ವಸ್ತು ಶಾಖ ಕೊಟ್ಟಾಗ ಅದರ ಎಂಟ್ರೊಪಿ ಇಳಿಯುತ್ತದೆ, ತಣ್ಣನೆಯದರ ಎಂಟ್ರೊಪಿ ಅದಕ್ಕಿಂತ ಹೆಚ್ಚು ಏರುತ್ತದೆ, ಲಾಭದ ಮೇಲೆ ವ್ಯವಹಾರ ನಡೆಯುತ್ತದೆ. ಇಲ್ಲಿ ಕೊಟ್ಟವನಿಗೂ ಲಾಭ: ಅ ಗುಂಪು ಶಕ್ತಿ ಬಿಟ್ಟುಕೊಟ್ಟು 120ರಿಂದ 210ಕ್ಕೆ ಏರಿತು. ಪಡೆದವನಿಗೂ ಲಾಭ: 45ರಿಂದ 120. ಬ ಗುಂಪಿನ ಜಾಗದಲ್ಲಿ ಕುದಿಯುವ ಉಕ್ಕನ್ನು ಇಡಿ, ಸೂರ್ಯನ ಗರ್ಭವನ್ನೇ ಇಡಿ, ಅದರ ತಾಪಮಾನ ಧನವಾಗಿದ್ದರೆ ಶಕ್ತಿ ಪಡೆದಾಗ ಅದರ ಎಂಟ್ರೊಪಿ ಏರಲೇಬೇಕು. ಕೊಡುವವನಿಗೆ ನಷ್ಟವೇ ಇಲ್ಲದಿರುವಾಗ ಪಡೆಯುವವನು ಎಷ್ಟೇ ಬಿಸಿಯಾಗಿರಲಿ, ವ್ಯವಹಾರ ಕುದುರುತ್ತದೆ. ಯಾವುದೇ ಧನ ತಾಪಮಾನಕ್ಕಿಂತ ಬಿಸಿ ಎಂಬುದರ ಪೂರ್ತಿ ಅರ್ಥ ಇಷ್ಟೇ.

ಹಿಮಗಿರಿ

ಸೆಲ್ಸಿಯಸ್, ಕೆಲ್ವಿನ್ ವಿಷಯ ತಿಳಿಯಿತು. ಹಾಗಾದರೆ ಆ ಹಾರ್ವರ್ಡ್ ಹರಳನ್ನು ಕೈಯಲ್ಲಿ ಹಿಡಿದವರ ಕೈ ಸುಡಲಿಲ್ಲವೆ? ಸೂರ್ಯನಿಗಿಂತ ಬಿಸಿ ಎನ್ನುತ್ತೀರಿ.

ಕಾಂತಕ್ಷೇತ್ರ

ಸುಡಲಿಲ್ಲ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಒಂದು ಮೋಲ್ ಲಿಥಿಯಂ ಫ್ಲೋರೈಡ್, ಅಂದರೆ ಸುಮಾರು 26 ಗ್ರಾಂ ಇದೆ ಎಂದುಕೊಳ್ಳಿ. ಹತ್ತು ಲಕ್ಷಕ್ಕೆ ಎರಡರಂತೆ ಫ್ಲೋರೀನ್ ನ್ಯೂಕ್ಲಿಯಸ್‌ಗಳು ಮೇಲಿಂದ ಕೆಳಕ್ಕೆ ಬಂದು ಬಿಟ್ಟುಕೊಡುವ ಶಕ್ತಿಯನ್ನೆಲ್ಲ ಕೂಡಿಸಿದರೆ ಒಂದು ಜೂಲ್‌ನ ಐದು ಕೋಟಿಯಲ್ಲಿ ಒಂದು ಭಾಗ. ಆ ಶಕ್ತಿ ಪೂರ್ತಿ ಹರಳಿಗೆ ಇಳಿದರೂ ಹರಳಿನ ತಾಪಮಾನ ಒಂದು ಡಿಗ್ರಿಯ ಇನ್ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಏರಬಹುದು. ಶಾಖ ಹರಿಯುವ ದಿಕ್ಕನ್ನು ತಾಪಮಾನ ಹೇಳುತ್ತದೆ, ಎಷ್ಟು ಹರಿಯುತ್ತದೆ ಎಂಬುದನ್ನಲ್ಲ.

ಪ್ರಯೋಗ ಮಾಡಿದ ಬಗೆಯನ್ನೂ ಹೇಳಿಬಿಡುತ್ತೇನೆ, ಮೇಷ್ಟ್ರ ಲೇಸರ್ ಆಕ್ಷೇಪಕ್ಕೆ ಉತ್ತರ ಅಲ್ಲೇ ಇದೆ. ಹರಳು ಬಲವಾದ ಕ್ಷೇತ್ರದಲ್ಲಿ ಕೆಲವು ನಿಮಿಷ ಕುಳಿತು ಸಮತೋಲಕ್ಕೆ ಬರುತ್ತದೆ. ಆಮೇಲೆ ಅದನ್ನು ಬೇಗನೆ ಹೊರತೆಗೆದು 100 ಗಾಸ್‌ನಷ್ಟು ದುರ್ಬಲ ಕ್ಷೇತ್ರವಿರುವ ಪುಟ್ಟ ಸುರುಳಿಯೊಳಗೆ ಇಡುತ್ತಾರೆ. ಅಲ್ಲಿ ಕ್ಷೇತ್ರದ ದಿಕ್ಕನ್ನು ಸುಮಾರು 0.2 ಮೈಕ್ರೊಸೆಕೆಂಡಿನಲ್ಲಿ ತಿರುಗಿಸಿಬಿಡುತ್ತಾರೆ. ಅಷ್ಟು ಕ್ಷೇತ್ರದಲ್ಲಿ ಫ್ಲೋರೀನ್ ಸ್ಪಿನ್ ಒಂದು ಸುತ್ತು ಬರಲು ಎರಡೂವರೆ ಮೈಕ್ರೊಸೆಕೆಂಡ್ ಬೇಕು, ಹಾಗಾಗಿ ಕ್ಷೇತ್ರದ ಜೊತೆಗೆ ತಿರುಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕ್ಷೇತ್ರ ತಲೆಕೆಳಗಾಯಿತು, ಸ್ಪಿನ್‌ಗಳು ಇದ್ದಲ್ಲೇ ಇದ್ದವು. ನಿನ್ನೆಯವರೆಗೆ ಕೆಳಗಿನದು ಎನಿಸಿಕೊಂಡಿದ್ದ ಸ್ಥಿತಿ ಈಗ ಮೇಲಿನದು. ನಿಧಾನವಾಗಿ ತಿರುಗಿಸಿದರೆ ಸ್ಪಿನ್‌ಗಳೂ ಕ್ಷೇತ್ರವನ್ನು ಹಿಂಬಾಲಿಸುತ್ತವೆ, ಪ್ರಯೋಗ ಕೆಡುತ್ತದೆ.

ಹರಳನ್ನು ಮತ್ತೆ ಬಲವಾದ ಕ್ಷೇತ್ರಕ್ಕೆ ತಂದು ರೇಡಿಯೊ ತರಂಗದಿಂದ ವಿಚಾರಿಸಿದರೆ, ಮೊದಲು ತರಂಗವನ್ನು ಹೀರುತ್ತಿದ್ದ ಸ್ಪಿನ್‌ಗಳು ಈಗ ತಾವೇ ಶಕ್ತಿ ಸೇರಿಸಿ ಕಳಿಸುತ್ತವೆ. ದಾಖಲೆಯ ಕಾಗದದ ಮೇಲೆ ಗೆರೆ ಮೇಲಕ್ಕೆ ಏಳುವ ಬದಲು ಕೆಳಕ್ಕೆ ಇಳಿಯಿತು. ತಾಪಮಾನ ಸುಮಾರು −350 ಕೆಲ್ವಿನ್ ಎಂದು ಅವರು ಗುರುತಿಸಿದರು. ಆಮೇಲೆ ನಿಮಿಷಗಳು ಕಳೆದಂತೆ ಕೆಳಗಿಳಿದ ಗೆರೆ ಚಿಕ್ಕದಾಗುತ್ತಾ ಬಂದು, ಒಂದು ಹಂತದಲ್ಲಿ ಏನೂ ಕಾಣದಂತಾಗಿ, ಅನಂತರ ಮೇಲ್ಮುಖವಾಗಿ ಬೆಳೆದು ಮೊದಲಿನ ಎತ್ತರಕ್ಕೆ ಮರಳಿತು. ನಡುವೆ ಏನೂ ಕಾಣದ ಆ ಹಂತವೇ ಅರ್ಧಕ್ಕರ್ಧದ ಸ್ಥಿತಿ, ಅನಂತ ತಾಪಮಾನ. ಸ್ಪಿನ್‌ಗಳು −350ರಿಂದ ಮೈನಸ್ ಅನಂತಕ್ಕೆ ಹೋಗಿ, ಪ್ಲಸ್ ಅನಂತದಿಂದ ಇಳಿದು, 300ಕ್ಕೆ ತಲುಪಿದವು. ಸೊನ್ನೆಯ ಹತ್ತಿರಕ್ಕೂ ಸುಳಿಯಲಿಲ್ಲ. ಸುಮನಾ, ಇದನ್ನು ತಣ್ಣಗಾಗುವುದು ಎನ್ನದೆ ಬೇರೇನೆನ್ನಲು ಸಾಧ್ಯ? ಶಕ್ತಿ ಸ್ಪಿನ್‌ಗಳಿಂದ ಹರಳಿಗೆ ಸತತವಾಗಿ ಹರಿಯುತ್ತಲೇ ಇತ್ತು.

ಇನ್ನು ಲೇಸರ್. ಮೇಷ್ಟ್ರೇ, ಲೇಸರ್‌ನಲ್ಲಿ ಎರಡು ಮಟ್ಟಗಳ ಹಂಚಿಕೆ ತಲೆಕೆಳಗಾಗಿರುತ್ತದೆ, ಆದರೆ ಹೊರಗಿನಿಂದ ಸತತವಾಗಿ ಶಕ್ತಿ ತುಂಬುತ್ತಿರಬೇಕು, ಉಳಿದ ಮಟ್ಟಗಳು ಬೇರೆಯದೇ ಲೆಕ್ಕ ಹೇಳುತ್ತವೆ. ಅದನ್ನು ತಾಪಮಾನ ಎನ್ನಲು ನಾನೂ ಹಿಂಜರಿಯುತ್ತೇನೆ. ಹರಳಿನ ಕಥೆ ಬೇರೆ. ಸ್ಪಿನ್‌ಗಳು ಪರಸ್ಪರ ಶಕ್ತಿ ಹಂಚಿಕೊಂಡು ಒಂದು ಸಮತೋಲಕ್ಕೆ ಬರಲು ಮೈಕ್ರೊಸೆಕೆಂಡುಗಳು ಸಾಕು. ಹರಳಿನ ಪರಮಾಣುಗಳ ಕಂಪನದೊಂದಿಗೆ ಹಂಚಿಕೊಳ್ಳಲು ನಿಮಿಷಗಳು ಬೇಕು, ಆ ಶುದ್ಧ ಹರಳಿನಲ್ಲಿ ಸುಮಾರು ಐದು ನಿಮಿಷ. ನಡುವಿನ ಅವಧಿಯಲ್ಲಿ ಸ್ಪಿನ್‌ಗಳು ತಮ್ಮಷ್ಟಕ್ಕೆ ತಾವು ಒಂದು ವ್ಯವಸ್ಥೆ, ಅವಕ್ಕೆ ತಮ್ಮದೇ ತಾಪಮಾನ. ಹರಳಿನಲ್ಲಿ ಕಲ್ಮಶವಿದ್ದರೆ ಈ ಐದು ನಿಮಿಷ ಎಲ್ಲಿಗೋ ಇಳಿದುಹೋಗಿ, ಹರಳನ್ನು ಸುರುಳಿಯಿಂದ ಮತ್ತೆ ಕಾಂತಕ್ಕೆ ತರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನರಹರಿ ಮೇಷ್ಟ್ರು

ಐದು ನಿಮಿಷದ ಮಾತು ಒಳ್ಳೆಯ ಮಾತು. ಆದರೂ ತಾಪಮಾನವೆಂದರೆ ಎರಡು ವಸ್ತುಗಳನ್ನು ತಾಗಿಸಿದಾಗ ಅರ್ಥ ಬರಬೇಕಾದದ್ದು. ಈ ಸ್ಪಿನ್‌ಗಳನ್ನು ಇನ್ನೊಂದು ಸ್ಪಿನ್ ವ್ಯವಸ್ಥೆಗೆ ತಾಗಿಸಿ, ನಡುವಿನ ತಾಪಮಾನಕ್ಕೆ ಬಂದವೋ ಇಲ್ಲವೋ ಎಂದು ನೋಡಿದವರಿದ್ದಾರೆಯೆ? ಬಿಸಿನೀರಿಗೆ ತಣ್ಣೀರು ಬೆರೆಸಿ ನೋಡುವ ಹಾಗೆ?

ಕಾಂತಕ್ಷೇತ್ರ

ಇದ್ದಾರೆ. 1958ರಲ್ಲಿ ಅನಾತೋಲ್ ಅಬ್ರಗಾಮ್ ಮತ್ತು ವಾರೆನ್ ಪ್ರಾಕ್ಟರ್ ಇದೇ ಲಿಥಿಯಂ ಫ್ಲೋರೈಡ್‌ನಲ್ಲಿ ಮಾಡಿದರು. ಬಲವಾದ ಕ್ಷೇತ್ರದಲ್ಲಿ ಲಿಥಿಯಂ ಸ್ಪಿನ್‌ಗಳೂ ಫ್ಲೋರೀನ್ ಸ್ಪಿನ್‌ಗಳೂ ಒಂದರ ಗೊಡವೆಗೆ ಇನ್ನೊಂದು ಹೋಗುವುದಿಲ್ಲ, ಅವುಗಳ ಆವರ್ತನಗಳು ಬಹಳ ಬೇರೆ. ಆದ್ದರಿಂದ ಒಂದಕ್ಕೆ ಒಂದು ತಾಪಮಾನ, ಇನ್ನೊಂದಕ್ಕೆ ಇನ್ನೊಂದು ತಾಪಮಾನ ಕೊಡಬಹುದು. ಕ್ಷೇತ್ರವನ್ನು ತಗ್ಗಿಸಿದರೆ ಎರಡೂ ಬೆರೆಯುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕ್ಷೇತ್ರ ಏರಿಸಿ ಎರಡನ್ನೂ ಬೇರೆ ಬೇರೆ ಅಳೆದರೆ ಎರಡಕ್ಕೂ ಒಂದೇ ತಾಪಮಾನ. ನೀವು ಕೇಳಿದ ಬೆರಕೆಯ ಪ್ರಯೋಗವೇ ಇದು. ಸರಾಸರಿ ತೆಗೆಯಬೇಕಾದದ್ದು ಮಾತ್ರ T ಅಲ್ಲ, 1/T.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಇಷ್ಟ. 1990ರ ದಶಕದ ಆರಂಭದಲ್ಲಿ ಹೆಲ್ಸಿಂಕಿಯಲ್ಲಿ ಪೆರ್ಟ್ಟಿ ಹಕೋನೆನ್, ಓಲ್ಲಿ ಲೌನಸ್ಮಾ ಮತ್ತವರ ತಂಡ ಬೆಳ್ಳಿಯ ನ್ಯೂಕ್ಲಿಯಸ್‌ಗಳೊಂದಿಗೆ ಕೆಲಸ ಮಾಡಿತು. ಧನ ತಾಪಮಾನದ ಕಡೆಯಿಂದ ಸೊನ್ನೆಯ ಬಹಳ ಹತ್ತಿರಕ್ಕೆ, ಒಂದು ನ್ಯಾನೊಕೆಲ್ವಿನ್‌ಗಿಂತಲೂ ಕೆಳಕ್ಕೆ ಹೋದಾಗ ನೆರೆಹೊರೆಯ ಸ್ಪಿನ್‌ಗಳು ಒಂದಕ್ಕೊಂದು ವಿರುದ್ಧ ಮುಖ ಮಾಡಿ ಸಾಲುಗಟ್ಟಿದವು. ಬೆಳ್ಳಿಯಲ್ಲಿ ಕಡಿಮೆ ಶಕ್ತಿಯ ಜೋಡಣೆ ಅದು. ಋಣ ತಾಪಮಾನದ ಕಡೆಯಿಂದ ಬಂದಾಗ, −1.9 ನ್ಯಾನೊಕೆಲ್ವಿನ್‌ನ ಹತ್ತಿರ, ಅದೇ ಸ್ಪಿನ್‌ಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತವು. ಅದು ಅತಿ ಹೆಚ್ಚು ಶಕ್ತಿಯ ಜೋಡಣೆ. ಬರೀ ಚಿಹ್ನೆಯ ಆಟವಾಗಿದ್ದರೆ ಒಂದೇ ಲೋಹ ಎರಡು ಬೇರೆ ರೀತಿಯ ಕಾಂತವಾಗುತ್ತಿರಲಿಲ್ಲ. ಮತ್ತೆ ನೆನಪಿರಲಿ, ಈ −1.9 ನ್ಯಾನೊಕೆಲ್ವಿನ್ ಬೆಳ್ಳಿ ಪರ್ಸೆಲ್ ಅವರ −350 ಕೆಲ್ವಿನ್ ಹರಳಿಗಿಂತಲೂ ಬಿಸಿ.

ಯಂತ್ರಪ್ರಿಯ

ನಾನು ಮೆಕ್ಯಾನಿಕಲ್ ಓದಿದವನು. ಕಾರ್ನೊ ದಕ್ಷತೆಯ ಸೂತ್ರದಲ್ಲಿ ಬಿಸಿ ಕಡೆಯ ತಾಪಮಾನವಾಗಿ −300, ತಂಪು ಕಡೆಗೆ 300 ಹಾಕಿ ನೋಡಿದೆ. ದಕ್ಷತೆ ಶೇ. 200 ಬಂತು! ಇದನ್ನು ಯಾರೂ ಏಕೆ ಎಂಜಿನ್ ಮಾಡಿ ಮಾರುತ್ತಿಲ್ಲ?

ಗಣಕ

ಸೂತ್ರ ಸುಳ್ಳು ಹೇಳಿಲ್ಲ, ಆದರೆ ನೀವು ಅಂದುಕೊಂಡದ್ದನ್ನೂ ಹೇಳಿಲ್ಲ. ಸಾಮಾನ್ಯ ಎಂಜಿನ್ ಬಿಸಿ ಕಡೆಯಿಂದ ಪಡೆದ ಶಾಖದಲ್ಲಿ ಒಂದಷ್ಟನ್ನು ತಂಪು ಕಡೆಗೆ ಚೆಲ್ಲಲೇಬೇಕು, ಎಂಟ್ರೊಪಿಯ ಬಾಕಿ ತೀರಿಸಲು. ಬಿಸಿ ಕಡೆ ಋಣ ತಾಪಮಾನದ್ದಾಗಿದ್ದರೆ ಅದು ಶಾಖ ಕೊಟ್ಟಾಗಲೇ ಎಂಟ್ರೊಪಿ ಏರಿರುತ್ತದೆ, ತೀರಿಸಬೇಕಾದ ಬಾಕಿಯೇ ಇಲ್ಲ. ಆಗ ತಂಪು ಕಡೆಯಿಂದಲೂ ಶಾಖ ತೆಗೆದುಕೊಂಡು ಎರಡನ್ನೂ ಕೆಲಸವಾಗಿಸಬಹುದು. ಮಾಡಿದ ಕೆಲಸವನ್ನು ಬಿಸಿ ಕಡೆಯ ಶಾಖದಿಂದ ಮಾತ್ರ ಭಾಗಿಸಿದ್ದರಿಂದ ಶೇ. 200 ಎಂದು ಕಾಣುತ್ತದೆ. ಶಕ್ತಿ ಎಲ್ಲಿಂದಲೂ ಹುಟ್ಟಲಿಲ್ಲ. ಆ ಸ್ಪಿನ್‌ಗಳನ್ನು ತಲೆಕೆಳಗು ಮಾಡಲು ಕೆಲಸ ಕೊಟ್ಟವರು ನೀವೇ ಎಂಬುದನ್ನೂ ಸೇರಿಸಿಕೊಂಡರೆ ಕಂಪನಿ ತೆರೆಯುವ ಉತ್ಸಾಹ ಇಳಿಯುತ್ತದೆ.

ಸ್ಕ್ಯಾನ್ ಕೋಣೆ

ನಾನು ಭೌತಶಾಸ್ತ್ರದವನಲ್ಲ, ಎಂ.ಆರ್.ಐ. ತಂತ್ರಜ್ಞ. ಆದರೆ ಹರಳಿನ ಗೆರೆ ಕೆಳಗಿಳಿದು, ಮಾಯವಾಗಿ, ಮತ್ತೆ ಮೇಲೆದ್ದ ಕಥೆ ಓದಿ ಬೆರಗಾಯಿತು, ಏಕೆಂದರೆ ನಾವು ದಿನವೂ ಅದನ್ನೇ ಬಳಸುತ್ತೇವೆ. ಮಂಡಿ, ಬೆನ್ನುಮೂಳೆಯ ಸ್ಕ್ಯಾನ್‌ನಲ್ಲಿ ಕೊಬ್ಬಿನ ಬಿಳುಪು ಊತವನ್ನು ಮುಚ್ಚಿಬಿಡುತ್ತದೆ. ಅದಕ್ಕೆ ಸ್ಟರ್ ಎಂಬ ಸೀಕ್ವೆನ್ಸ್ ಹಾಕುತ್ತೇವೆ. ಮೊದಲು 180 ಡಿಗ್ರಿಯ ಪಲ್ಸ್‌ನಿಂದ ಎಲ್ಲವನ್ನೂ ತಲೆಕೆಳಗು ಮಾಡುವುದು. ಆಮೇಲೆ ಕಾಯುವುದು. 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 150ರಿಂದ 170 ಮಿಲಿಸೆಕೆಂಡ್ ಕಾದರೆ ಕೊಬ್ಬಿನ ಸಂಕೇತ ಸರಿಯಾಗಿ ಸೊನ್ನೆಗೆ ಬಂದಿರುತ್ತದೆ, ಆ ಕ್ಷಣಕ್ಕೆ ಚಿತ್ರ ತೆಗೆದರೆ ಕೊಬ್ಬು ಕಪ್ಪು. ನೀರಿನ ಅಂಶ ನಿಧಾನವಾಗಿ ಮರಳುವುದರಿಂದ ಅದಿನ್ನೂ ಕೆಳಗೇ ಇರುತ್ತದೆ, ಹಾಗಾಗಿ ಊತ ಎದ್ದು ಕಾಣುತ್ತದೆ. 3 ಟೆಸ್ಲಾ ಯಂತ್ರಕ್ಕೆ ಬಂದಾಗ ಈ ಸಮಯವನ್ನು ಹೆಚ್ಚಿಸಬೇಕು, ಹಳೆಯ ಅಂಕಿಯನ್ನೇ ಇಟ್ಟರೆ ಕೊಬ್ಬು ಬೂದುಬಣ್ಣದಲ್ಲಿ ಉಳಿದುಬಿಡುತ್ತದೆ.

ನನ್ನ ಪ್ರಶ್ನೆ ಇದು. ಹಾಗಾದರೆ ರೋಗಿಯ ದೇಹದ ಪ್ರೋಟಾನ್‌ಗಳು ಒಂದು ಕ್ಷಣ ಋಣ ತಾಪಮಾನದಲ್ಲಿರುತ್ತವೆಯೆ? ಕೊಬ್ಬು ಕಪ್ಪಾಗುವುದು ಅನಂತ ತಾಪಮಾನದಲ್ಲೆ?

ಕಾಂತಕ್ಷೇತ್ರ

ಹಂಚಿಕೆಯ ಲೆಕ್ಕದಲ್ಲಿ ಹೌದು. 1.5 ಟೆಸ್ಲಾದಲ್ಲಿ ಹತ್ತು ಲಕ್ಷ ಪ್ರೋಟಾನ್‌ಗಳಲ್ಲಿ ಹೆಚ್ಚುವರಿ ಸುಮಾರು ಐದು, ಅವು ಪಲ್ಸ್‌ನ ನಂತರ ಮೇಲಿರುತ್ತವೆ. ದೇಹದ 310 ಕೆಲ್ವಿನ್ ಚಿಹ್ನೆ ಬದಲಿಸಿ −310 ಆಗುತ್ತದೆ, ಪಲ್ಸ್ ಪೂರ್ತಿ 180 ಡಿಗ್ರಿ ತಿರುಗಿಸಿದ್ದರೆ. ಕೊಬ್ಬು ಕಪ್ಪಾಗುವ ಕ್ಷಣ ಅರ್ಧಕ್ಕರ್ಧದ್ದು. ನಿಮ್ಮ ಯಂತ್ರದಲ್ಲಿ ಆ ಕ್ಷಣದಲ್ಲಿ ಕೊಬ್ಬು ಮೈನಸ್ ಅನಂತ ದಾಟುತ್ತಿರುತ್ತದೆ, ಪಕ್ಕದ ಊತದ ನೀರು ಇನ್ನೂ ಋಣ ತಾಪಮಾನದಲ್ಲೇ ಇರುತ್ತದೆ.

ಗಣಕ

ಇಲ್ಲಿ ನಾನು ಅಡ್ಡ ಬರುತ್ತೇನೆ. ಹರಳಿಗೆ ನೀವು ಹಾಕಿದ ಷರತ್ತನ್ನು ದೇಹಕ್ಕೆ ಏಕೆ ಸಡಿಲಿಸಿದಿರಿ? ಹರಳಿನಲ್ಲಿ ಸ್ಪಿನ್‌ಗಳು ತಮ್ಮೊಳಗೆ ಮೈಕ್ರೊಸೆಕೆಂಡುಗಳಲ್ಲಿ ಶಕ್ತಿ ಹಂಚಿಕೊಳ್ಳುತ್ತವೆ. ನೀರಿನಲ್ಲಿ ಅಣುಗಳು ಸರಸರನೆ ಹೊರಳುತ್ತಿರುವುದರಿಂದ ಸ್ಪಿನ್‌ಗಳ ಪರಸ್ಪರ ಸೆಳೆತ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅವು ತಮ್ಮೊಳಗೆ ಸಮತೋಲಕ್ಕೆ ಬರುವುದಕ್ಕೂ ಸುತ್ತಲಿನ ದ್ರವದೊಂದಿಗೆ ಸಮತೋಲಕ್ಕೆ ಬರುವುದಕ್ಕೂ ಹರಳಿನಲ್ಲಿರುವಂತಹ ದೊಡ್ಡ ಅಂತರ ಇರುವುದಿಲ್ಲ. ಎರಡೇ ಮಟ್ಟಗಳಿರುವ ಯಾವ ಹಂಚಿಕೆಗೂ ಒಂದು T ಬರೆದುಬಿಡಬಹುದು. ಅದು ಬರೆದದ್ದೇ ಹೊರತು ವ್ಯವಸ್ಥೆ ತಾನಾಗಿ ಅಲ್ಲಿಗೆ ಬಂದದ್ದಲ್ಲ. ಮೇಷ್ಟ್ರ ಲೇಸರ್‌ಗೆ ಒಪ್ಪದ ಪಟ್ಟವನ್ನು ಸ್ಕ್ಯಾನ್ ಕೋಣೆಗೆ ಕಟ್ಟುತ್ತಿದ್ದೀರಿ.

ನರಹರಿ ಮೇಷ್ಟ್ರು

ಇದನ್ನೇ ನಾನು ಹೇಳುತ್ತಿದ್ದದ್ದು. ಇನ್ನೊಂದು ಸಂಗತಿ. ಎಂಟ್ರೊಪಿಯನ್ನೇ ಬೇರೆ ರೀತಿ ಎಣಿಸಿದರೆ ಋಣ ತಾಪಮಾನವೇ ಬರುವುದಿಲ್ಲ ಎಂದು ಡಂಕೆಲ್ ಮತ್ತು ಹಿಲ್ಬರ್ಟ್ 2014ರಲ್ಲಿ ವಾದಿಸಿದ್ದಾರೆ. 2013ರಲ್ಲಿ ಮ್ಯೂನಿಕ್‌ನವರು ಪೊಟ್ಯಾಸಿಯಂ ಪರಮಾಣುಗಳನ್ನು ಲೇಸರ್ ಬೆಳಕಿನ ಜಾಲದಲ್ಲಿ ಹಿಡಿದು, ಚಲನೆಯ ಶಕ್ತಿಗೂ ಮೇಲ್ಮಿತಿ ಕಟ್ಟಿ, ಋಣ ತಾಪಮಾನ ಸಾಧಿಸಿದೆವು ಎಂದಾಗ ಎದ್ದ ಚರ್ಚೆ ಅದು. ಗಣಕರು ಆ ಎಣಿಕೆಯನ್ನು ಏಕೆ ಮರೆಮಾಡಿದರು?

ಗಣಕ

ಮರೆಮಾಡಿಲ್ಲ ಮೇಷ್ಟ್ರೇ, ಯಾರೂ ಕೇಳಿರಲಿಲ್ಲ. ಗಿಬ್ಸ್ ಹೆಸರಿನ ಆ ಎಣಿಕೆಯಲ್ಲಿ ಇಷ್ಟೇ ಶಕ್ತಿಯಿರುವ ವಿನ್ಯಾಸಗಳನ್ನಲ್ಲ, ಅಷ್ಟು ಅಥವಾ ಅದಕ್ಕಿಂತ ಕಡಿಮೆ ಶಕ್ತಿಯ ಎಲ್ಲವನ್ನೂ ಕೂಡಿಸಬೇಕು. ಹತ್ತರಲ್ಲಿ ಏಳು ಎದ್ದಿದ್ದರೆ 968, ಎಂಟಕ್ಕೆ 1,013. ಹೆಚ್ಚುತ್ತಲೇ ಹೋಗುತ್ತದೆ, ಆದ್ದರಿಂದ ತಾಪಮಾನ ಯಾವಾಗಲೂ ಧನ. ಏಳು ಎದ್ದ ಗುಂಪಿಗೆ ಅದು ಸುಮಾರು 22 ಘಟಕ. ಈಗ ಇಪ್ಪತ್ತರಲ್ಲಿ ಹದಿನಾಲ್ಕು ಎದ್ದಿರುವ ಗುಂಪನ್ನು ನೋಡಿ. ಹಂಚಿಕೆ ಅದೇ, ಹತ್ತಕ್ಕೆ ಏಳು. ಗಿಬ್ಸ್ ಲೆಕ್ಕದಲ್ಲಿ ಅದರ ತಾಪಮಾನ ಸುಮಾರು 67. ಈ ಎರಡು ಗುಂಪುಗಳನ್ನು ತಾಗಿಸಿದರೆ ಏನಾಗಬೇಕು? 67ರಿಂದ 22ಕ್ಕೆ ಶಾಖ ಹರಿಯಬೇಕಲ್ಲವೆ? ವಿನ್ಯಾಸಗಳನ್ನು ಎಣಿಸಿ ನೋಡಿ, ಏಳು ಮತ್ತು ಹದಿನಾಲ್ಕು ಇದ್ದಲ್ಲೇ ಇರುವುದು ಉಳಿದ ಯಾವ ಹಂಚಿಕೆಗಿಂತಲೂ ಹೆಚ್ಚು ಸಂಭವನೀಯ. ಶಾಖ ಯಾವ ಕಡೆ ಹರಿಯುತ್ತದೆ ಎಂದು ಹೇಳಲಾರದ ತಾಪಮಾನವನ್ನು ಇಟ್ಟುಕೊಂಡು ಸುಮನಾ ಅವರ ಪ್ರಶ್ನೆಗೆ ಉತ್ತರಿಸಲಾಗದು ಎಂಬುದು ನನ್ನ ನಿಲುವು. ಸಣ್ಣ ವ್ಯವಸ್ಥೆಗಳಿಗೆ ಗಿಬ್ಸ್ ಎಣಿಕೆ ಕೆಲವು ಸಮೀಕರಣಗಳನ್ನು ಹೆಚ್ಚು ನಿಖರವಾಗಿ ಪಾಲಿಸುತ್ತದೆ ಎಂಬುದೂ ನಿಜ, ಅದಕ್ಕೇ ಆ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ.

ಸುಮನಾ ಕೆ.

ಹತ್ತು ಮತ್ತು ಇಪ್ಪತ್ತರ ಲೆಕ್ಕವನ್ನು ನಾನೇ ಮಾಡಿ ನೋಡಿದೆ. 7 ಮತ್ತು 14ಕ್ಕೆ 46,51,200 ವಿನ್ಯಾಸಗಳು. 8 ಮತ್ತು 13ಕ್ಕೆ 34,88,400, 6 ಮತ್ತು 15ಕ್ಕೆ 32,55,840. ಗಣಕ ಸರ್ ಹೇಳಿದ್ದು ಸರಿ ಬಂತು. ಮೇಡಂಗೆ ಈ ಹತ್ತರ ಲೆಕ್ಕವನ್ನೇ ತೋರಿಸುತ್ತೇನೆ. ಒಂದು ಅನುಮಾನ ಉಳಿದಿದೆ. ಸ್ಕ್ಯಾನ್ ಕೋಣೆಯವರ ಪ್ರೋಟಾನ್‌ಗಳ ವಿಷಯದಲ್ಲಿ ಕೊನೆಗೆ ಯಾರ ಮಾತು ಹಿಡಿಯಬೇಕು?

ಕಾಂತಕ್ಷೇತ್ರ

ಶಕ್ತಿ ಯಾವ ಕಡೆ ಹರಿಯುತ್ತದೆ ಎಂಬುದೊಂದೇ ನಿಮ್ಮ ಪ್ರಶ್ನೆಯಾಗಿದ್ದರೆ ನನ್ನದು: ತಲೆಕೆಳಗಾದ ಪ್ರೋಟಾನ್‌ಗಳು ಸುತ್ತಲಿನ ಅಂಗಾಂಶಕ್ಕೆ ಶಕ್ತಿ ಕೊಡುತ್ತವೆ, ಪಡೆಯುವುದಿಲ್ಲ. ಅವುಗಳಿಗೆ ತಮ್ಮದೇ ಆದ ಒಂದು ಸಮತೋಲವಿತ್ತೆ ಎಂದು ಕೇಳಿದರೆ ಗಣಕರ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಾನು ಘನವಸ್ತುಗಳಲ್ಲಿ ಕೆಲಸ ಮಾಡಿದವನು, ದ್ರವದಲ್ಲಿ ಸ್ಪಿನ್ ತಾಪಮಾನ ಎಂಬ ಮಾತನ್ನು ನಮ್ಮ ಪ್ರಯೋಗಾಲಯದಲ್ಲೂ ಕೆಲವರು ಬಳಸುತ್ತಿದ್ದರು, ಕೆಲವರು ಕೇಳಿದರೆ ಮುಖ ಸಿಂಡರಿಸುತ್ತಿದ್ದರು.

ಸ್ಕ್ಯಾನ್ ಕೋಣೆ

ನೀವಿಬ್ಬರೂ ತೀರ್ಮಾನಕ್ಕೆ ಬರುವವರೆಗೆ ನಾನು 160 ಮಿಲಿಸೆಕೆಂಡನ್ನೇ ಇಟ್ಟುಕೊಂಡಿರುತ್ತೇನೆ.